ನವಜಾತ ಶಿಶುವಿನ ಮೊದಲ ಮಲ ತಡವಾದಾಗ: ನರಕೋಶವಿಲ್ಲದ ಕರುಳು ಮತ್ತು ಅದರ ಶಸ್ತ್ರಚಿಕಿತ್ಸೆ

ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯ ಮನೆಗಳಲ್ಲಿ ಹುಟ್ಟಿದ ಕೂಸು ಎರಡು ದಿನವಾದರೂ ಮಲ ಮಾಡದಿದ್ದರೆ, ಹಿರಿಯ ಹೆಂಗಸೊಬ್ಬರು ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಗುದದ್ವಾರಕ್ಕೆ ಮೆಲ್ಲಗೆ ಹಾಕುವುದುಂಟು. ಸ್ವಲ್ಪ ಹೊತ್ತಿನಲ್ಲಿ ಮಲ ಬರುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಬಹಳಷ್ಟು ಕೂಸುಗಳ ವಿಚಾರದಲ್ಲಿ ಅದು ನಿಜವಾಗಿಯೂ ಮುಗಿದೇ ಹೋಗಿರುತ್ತದೆ. ಆದರೆ ಸುಮಾರು 5,000 ಜನನಗಳಲ್ಲಿ ಒಂದು ಮಗುವಿಗೆ ಆ ತೊಟ್ಟು ಕೊಟ್ಟ ಉಪಶಮನವೇ ರೋಗದ ಮೊದಲ ಗುರುತಾಗಿರುತ್ತದೆ, ಮತ್ತು ಆ ಗುರುತನ್ನು ಯಾರೂ ಓದದೆ ಬಿಟ್ಟಿರುತ್ತಾರೆ. ಮೈಸೂರಿನಲ್ಲಿ ಮಕ್ಕಳ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಈ ಕಾಯಿಲೆಯ ಬಗ್ಗೆ ಬರೆಯಬೇಕೆನ್ನಿಸಿದ್ದು ಇದೇ ಕಾರಣಕ್ಕೆ: ಇದರಲ್ಲಿ ಕಣ್ಣಿಗೆ ಕಾಣುವುದು ಪ್ರತಿ ಹಂತದಲ್ಲೂ ದಾರಿ ತಪ್ಪಿಸುತ್ತದೆ.

ಕಾಯಿಲೆಯ ಹೆಸರು ಹಿರ್ಷ್‌ಸ್ಪ್ರಂಗ್. ಅದು ಹೇಗೆ ಸಾಗುತ್ತದೆ ಎಂಬುದನ್ನು ಹೇಳಲು ಒಂದು ಮಗುವಿನ ವಿವರವನ್ನು ಇಲ್ಲಿ ಬಳಸುತ್ತೇನೆ. ಇದು ಯಾವುದೇ ಒಂದು ಕುಟುಂಬದ ಕಥೆಯಲ್ಲ, ಇಂಥ ಮಕ್ಕಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಜೋಡಿಸಿ ಮಾಡಿಕೊಂಡ ಮಾದರಿ ಪ್ರಕರಣ. ಗಂಡು ಮಗು, ದಿನ ತುಂಬಿ ಹುಟ್ಟಿದ್ದು, ತೂಕ 2.9 ಕೆ.ಜಿ. ಹುಟ್ಟಿದ ಕೂಡಲೇ ಅತ್ತಿದೆ, ಒಂದು ಗಂಟೆಯೊಳಗೆ ಎದೆಹಾಲು ಚೀಪಿದೆ, ಮೂತ್ರವನ್ನೂ ಮಾಡಿದೆ. ಮೊದಲ ದಿನ ಕಳೆದು ಎರಡನೆಯ ದಿನದ ಮಧ್ಯಾಹ್ನವಾದರೂ ಬಟ್ಟೆಯಲ್ಲಿ ಕಪ್ಪು ಮಲ ಕಾಣಲಿಲ್ಲ. "ಮೊಗ ಇನ್ನೂ ಕಕ್ಕ ಮಾಡ್ನಿಲ್ಲ ಕಣವ್ವ" ಎಂದು ಅಜ್ಜಿ ಪಕ್ಕದ ಹಾಸಿಗೆಯವರಿಗೆ ಹೇಳಿದರೇ ಹೊರತು ಸಿಸ್ಟರಿಗೆ ಹೇಳಲಿಲ್ಲ, ಸಿಸ್ಟರ್ ಕೂಡ ಕೇಳಲಿಲ್ಲ. ಹುಟ್ಟಿದ 36 ಗಂಟೆಗೆ ತೊಟ್ಟಿನ ಪ್ರಯೋಗವಾಯಿತು. ಮೊದಲು ಗಾಳಿ ಸಿಡಿಯಿತು, ಹಿಂದೆಯೇ ಕಪ್ಪು ಹಸಿರು ಮಲ ಚಿಮ್ಮಿತು. ಉಬ್ಬಿದ್ದ ಹೊಟ್ಟೆ ಇಳಿಯಿತು. ಮರುದಿನ ತಾಯಿ ಮಗು ಊರಿಗೆ ಹೋದರು.

ದಿನ ತುಂಬಿದ ಆರೋಗ್ಯವಂತ ಶಿಶುಗಳಲ್ಲಿ ಬಹುತೇಕ ಎಲ್ಲವೂ ಮೊದಲ 24 ಗಂಟೆಯಲ್ಲಿ, ಉಳಿದವುಗಳಲ್ಲಿ ಹೆಚ್ಚಿನವು 48 ಗಂಟೆಯೊಳಗೆ ಈ ಕಪ್ಪು ಅಂಟುಮಲವನ್ನು ತಾವಾಗಿಯೇ ವಿಸರ್ಜಿಸುತ್ತವೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅವುಗಳ ಕರುಳು ಇನ್ನೂ ಬಲಿತಿರುವುದಿಲ್ಲವಾದ್ದರಿಂದ ತಡವಾಗುವುದು ಸಹಜ. ಆದರೆ ದಿನ ತುಂಬಿದ ಮಗುವಿಗೆ ಎರಡು ದಿನ ತಾನಾಗಿ ಮಲ ಬರಲಿಲ್ಲವೆಂದರೆ ಕಾರಣ ಹುಡುಕಲೇಬೇಕು. ಇಲ್ಲಿ 'ತಾನಾಗಿ' ಎಂಬ ಪದವೇ ಮುಖ್ಯವಾದುದು. ತೊಟ್ಟು ಹಾಕಿ ಬರಿಸಿದ ಮಲವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಗಡಿಯಾರ ಸುಳ್ಳು ಹೇಳುತ್ತದೆ. ಹಾಗೆಯೇ ಇದಕ್ಕೆ ವಿರುದ್ಧವಾದ ಎಚ್ಚರಿಕೆಯೂ ಬೇಕು. ಹಿರ್ಷ್‌ಸ್ಪ್ರಂಗ್ ಇರುವ ಮಕ್ಕಳಲ್ಲಿ ಕೆಲವರು ಮೊದಲ ದಿನವೇ ಮಲ ಮಾಡಿರುತ್ತಾರೆ. ಆದ್ದರಿಂದ ಸಮಯಕ್ಕೆ ಸರಿಯಾಗಿ ಬಂದ ಮಲ ಕಾಯಿಲೆ ಇಲ್ಲವೆಂಬುದಕ್ಕೆ ಪ್ರಮಾಣಪತ್ರವಲ್ಲ.

ಕರುಳು ತನ್ನೊಳಗಿನದನ್ನು ಮುಂದಕ್ಕೆ ಹೇಗೆ ತಳ್ಳುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಕರುಳಿನ ಗೋಡೆಯಲ್ಲಿ ಎರಡು ಪದರ ಸ್ನಾಯುಗಳಿವೆ. ಆ ಎರಡು ಪದರಗಳ ನಡುವೆ ಒಂದು ಬಲೆ, ಒಳಪೊರೆಯ ಕೆಳಗೆ ಇನ್ನೊಂದು ಬಲೆ, ಹೀಗೆ ಎರಡು ನರಜಾಲಗಳು ಹಬ್ಬಿವೆ. ಈ ಬಲೆಗಳ ಗಂಟುಗಳಲ್ಲಿ ಕುಳಿತಿರುವ ನರಕೋಶಗಳನ್ನು ಗ್ಯಾಂಗ್ಲಿಯಾನ್ ಕೋಶಗಳೆನ್ನುತ್ತಾರೆ. ಮಲದ ಮುದ್ದೆ ಒಂದು ಕಡೆ ಬಂದಾಗ ಅದರ ಹಿಂದಿನ ಭಾಗ ಹಿಂಡಬೇಕು, ಮುಂದಿನ ಭಾಗ ಸಡಿಲಗೊಳ್ಳಬೇಕು. ಈ ಎರಡು ಆಜ್ಞೆಗಳಲ್ಲಿ ಸಡಿಲಗೊಳ್ಳು ಎಂಬ ಆಜ್ಞೆಯೇ ಹೆಚ್ಚು ನಾಜೂಕಾದುದು, ಅದು ಗ್ಯಾಂಗ್ಲಿಯಾನ್ ಕೋಶಗಳಿಂದಲೇ ಬರಬೇಕು. ಆ ಕೋಶಗಳೇ ಇಲ್ಲದ ಕಡೆ ಸ್ನಾಯು ಸತ್ತಿರುವುದಿಲ್ಲ, ರಕ್ತಸಂಚಾರ ನಿಂತಿರುವುದಿಲ್ಲ, ಒಳಪೊರೆ ಚೆನ್ನಾಗಿಯೇ ಇರುತ್ತದೆ. ಸಡಿಲವಾಗು ಎಂದು ಹೇಳುವವರಿಲ್ಲದೆ ಆ ಭಾಗ ಸದಾ ಬಿಗಿದುಕೊಂಡಿರುತ್ತದೆ, ಅಷ್ಟೆ. ಅದರ ಮೇಲಿನ ಆರೋಗ್ಯವಂತ ಕರುಳು ಆ ಬಿಗಿತದ ವಿರುದ್ಧ ಹಗಲಿರುಳು ತಳ್ಳಿ ತಳ್ಳಿ ದಪ್ಪವಾಗುತ್ತದೆ, ಆಮೇಲೆ ಉಬ್ಬುತ್ತದೆ.

ನಮ್ಮ ಕಡೆಯ ಓದುಗರಿಗೆ ವಿ.ಸಿ. ನಾಲೆಯ ತೂಬು ನೆನಪಾದರೆ ಸಾಕು. ತೂಬು ಕಚ್ಚಿಕೊಂಡರೆ ನೀರು ಉಕ್ಕುವುದು ಮೇಲ್ಗಡೆ, ಏರಿ ಒಡೆಯುವುದೂ ಅಲ್ಲಿಯೇ. ಏರಿ ಒಡೆದ ಜಾಗದಲ್ಲಿ ನಿಂತು ನೋಡಿದವರಿಗೆ ಊನ ಅಲ್ಲೇ ಇದೆಯೆಂದು ಅನ್ನಿಸುವುದು ಸಹಜ. ವೈದ್ಯಶಾಸ್ತ್ರವೂ ಸುಮಾರು 60 ವರ್ಷ ಹಾಗೆಯೇ ಅಂದುಕೊಂಡಿತ್ತು. ಡೆನ್ಮಾರ್ಕಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ಬರ್ಲಿನ್ನಿನ ವೈದ್ಯರ ಸಭೆಯೊಂದರಲ್ಲಿ ಮಲಬದ್ಧತೆಯಿಂದ ತೀರಿಕೊಂಡ ಎರಡು ಶಿಶುಗಳ ವಿವರವನ್ನು ಮುಂದಿಟ್ಟಾಗ, ವಿಪರೀತ ಹಿಗ್ಗಿದ ದೊಡ್ಡ ಕರುಳೇ ರೋಗವೆಂದು ತಿಳಿದಿದ್ದರು. ಕೆಳಗಿನ ಭಾಗದಲ್ಲಿ ನರಕೋಶಗಳಿಲ್ಲವೆಂಬುದನ್ನು 20ನೇ ಶತಮಾನದ ಆರಂಭದಲ್ಲಿಯೇ ಕೆಲವರು ಗಮನಿಸಿದ್ದರೂ ಅದರ ಅರ್ಥ ಯಾರಿಗೂ ಹೊಳೆಯಲಿಲ್ಲ. ಶಸ್ತ್ರಚಿಕಿತ್ಸಕರು ಹಿಗ್ಗಿದ ಭಾಗವನ್ನು ಕತ್ತರಿಸಿ ತೆಗೆಯುತ್ತಿದ್ದರು, ನೋಡಲು ಸಪೂರವಾಗಿ, ಅಚ್ಚುಕಟ್ಟಾಗಿ ಕಾಣುತ್ತಿದ್ದ ಕೆಳಭಾಗವನ್ನು ಉಳಿಸುತ್ತಿದ್ದರು. ಮಗು ಮತ್ತೆ ಉಬ್ಬುತ್ತಿತ್ತು. ಬೋಸ್ಟನ್ನಿನ ಓರ್ವರ್ ಸ್ವೆನ್ಸನ್ ಅವರು ಒಂದು ಸಂಗತಿಯನ್ನು ಬಿಡದೆ ಹಿಡಿದರು: ಹೊಟ್ಟೆಯ ಮೇಲೆ ಮಲದ ದ್ವಾರ ಮಾಡಿಕೊಟ್ಟರೆ ಈ ಮಕ್ಕಳು ಚೇತರಿಸಿಕೊಳ್ಳುತ್ತಾರೆ, ಅದನ್ನು ಮುಚ್ಚಿದರೆ ಮತ್ತೆ ಮೊದಲಿನಂತಾಗುತ್ತಾರೆ. ಹಾಗಾದರೆ ಮೇಲಿನ ಕರುಳು ಸರಿಯಾಗಿಯೇ ಇದೆ, ಊನವಿರುವುದು ಕೆಳಗಡೆ ಎಂದಾಯಿತು. 1948ರಲ್ಲಿ ಅವರೂ ಸಹೋದ್ಯೋಗಿ ಅಲೆಕ್ಸಾಂಡರ್ ಬಿಲ್ ಅವರೂ ಆ ಸಪೂರ ಭಾಗವನ್ನೇ ತೆಗೆದು, ಮೇಲಿನ ಕರುಳನ್ನು ಕೆಳಗೆ ಎಳೆದು ಗುದದ್ವಾರದ ಬಳಿ ಜೋಡಿಸಿದ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ಇವತ್ತು ನಾವು ಮಾಡುವುದೆಲ್ಲವೂ ಆ ಒಂದು ತಿಳಿವಳಿಕೆಯ ಮೇಲೆಯೇ ನಿಂತಿದೆ.

ನರಕೋಶಗಳು ಏಕಿಲ್ಲ ಎಂಬುದಕ್ಕೆ ಉತ್ತರ ಗರ್ಭದ ಮೊದಲ ಮೂರು ತಿಂಗಳಲ್ಲಿದೆ. ಈ ಕೋಶಗಳು ಕರುಳಿನಲ್ಲಿ ಹುಟ್ಟುವುದಿಲ್ಲ. ಭ್ರೂಣದ ಕುತ್ತಿಗೆಯ ಕಡೆಯ ನರಪಟ್ಟಿಯಿಂದ ಹೊರಟು, ಅನ್ನನಾಳದ ಕಡೆಯಿಂದ ಕರುಳನ್ನು ಹೊಕ್ಕು, ದಾರಿಯುದ್ದಕ್ಕೂ ಸಂಖ್ಯೆಯಲ್ಲಿ ಹೆಚ್ಚುತ್ತಾ ಕೆಳಗಿಳಿಯುತ್ತವೆ. ಸುಮಾರು 5ನೇ ವಾರದಲ್ಲಿ ಹೊರಟ ಈ ವಲಸೆ 12ನೇ ವಾರದ ಹೊತ್ತಿಗೆ ಮಲಾಶಯವನ್ನು ತಲುಪಿರಬೇಕು. ದಾರಿಯಲ್ಲಿ ಎಲ್ಲಾದರೂ ನಿಂತುಬಿಟ್ಟರೆ ಅಲ್ಲಿಂದ ಕೆಳಗೆ ಗುದದ್ವಾರದವರೆಗೂ ಕೋಶಗಳಿರುವುದಿಲ್ಲ. ಈ ವಲಸೆಯನ್ನು ನಡೆಸುವ ವಂಶವಾಹಿಗಳಲ್ಲಿ 'ರೆಟ್' ಎಂಬುದು ಮುಖ್ಯವಾದುದು, ಅದರಲ್ಲಿನ ವ್ಯತ್ಯಾಸಗಳು ಅನೇಕ ಮಕ್ಕಳಲ್ಲಿ ಕಾಣಸಿಗುತ್ತವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ಕಾಯಿಲೆ ಇತರರಿಗಿಂತ ಹೆಚ್ಚು. ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಬಾಣಂತಿ ಏನೋ ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳು ಎಂದು ಮನೆಯಲ್ಲಿ ಮಾತು ಶುರುವಾದರೆ, ತಾಯಿಗೆ ಬಸಿರಾಗಿರುವುದು ಸರಿಯಾಗಿ ತಿಳಿದು ಬರುವ ದಿನಗಳಲ್ಲಿಯೇ ಈ ವಲಸೆ ನಡೆಯುತ್ತಿತ್ತು ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳಬೇಕು. ನಾವು ಹೇಳುತ್ತೇವೆ. ಆಕೆಯ ಮುಖದ ಮೇಲಿನ ಭಾರ ಇಳಿಯುವುದನ್ನು ಪ್ರತಿ ಸಲವೂ ನೋಡಿದ್ದೇನೆ.

ಈ ವಲಸೆಯ ದಿಕ್ಕಿನಿಂದ ರೋಗಪತ್ತೆಗೆ ಒಂದು ದೊಡ್ಡ ಅನುಕೂಲವಾಗಿದೆ. ಕೋಶಗಳು ಮೇಲಿನಿಂದ ಕೆಳಗೆ ಬರುವುದರಿಂದ, ಊನ ಯಾವಾಗಲೂ ಗುದದ್ವಾರದಿಂದ ಶುರುವಾಗಿ ಎಡೆಬಿಡದೆ ಮೇಲಕ್ಕೆ ಹೋಗುತ್ತದೆ. ನೂರಕ್ಕೆ 75ರಿಂದ 80 ಮಕ್ಕಳಲ್ಲಿ ಅದು ಮಲಾಶಯ ಮತ್ತು ಅದರ ಮೇಲಿನ ಸಿಗ್ಮಾಯ್ಡ್ ಭಾಗದಲ್ಲಿ ನಿಲ್ಲುತ್ತದೆ, ಕೆಲವರಲ್ಲಿ ಮಾತ್ರ ಇಡೀ ದೊಡ್ಡ ಕರುಳನ್ನು ವ್ಯಾಪಿಸುತ್ತದೆ. ಎಲ್ಲಿಯವರೆಗಿದೆ ಎಂಬುದು ಬೇರೆ ಪ್ರಶ್ನೆ. ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಮಾತ್ರ ಗುದದ್ವಾರದಿಂದ ಬೆರಳ ತುದಿಯಷ್ಟು ಮೇಲಿನ ಒಂದು ಚೂರು ಒಳಪೊರೆ ಸಾಕು.

ನಮ್ಮ ಮಗುವಿನ ವಿಷಯಕ್ಕೆ ಬರೋಣ. ಆಶಾ ಕಾರ್ಯಕರ್ತೆ ಮೂರನೇ ದಿನ ಮನೆಗೆ ಬಂದಾಗ ತೂಕ, ಹೊಕ್ಕುಳು, ಹಾಲು ಕುಡಿಯುವುದು ಎಲ್ಲವನ್ನೂ ನೋಡಿದರು. ಮಲ ಆಗಿದೆಯೇ ಎಂದಾಗ 'ಆಗಿದೆ' ಎಂಬ ಉತ್ತರ ಬಂತು, ಅದು ಸುಳ್ಳೂ ಆಗಿರಲಿಲ್ಲ. ಐದನೇ ದಿನ ಹೊಟ್ಟೆ ತಮಟೆಯಂತೆ ಬಿಗಿಯಾಯಿತು, ಚರ್ಮದ ಮೇಲೆ ನೀಲಿ ನರಗಳು ಎದ್ದು ಕಂಡವು, ಮಗು ಹಾಲು ಬಿಟ್ಟು ಹಸಿರು ವಾಂತಿ ಮಾಡಿತು. ನವಜಾತ ಶಿಶುವಿನ ಹಸಿರು ವಾಂತಿಯನ್ನು ಬೇರೆ ರೀತಿಯಲ್ಲಿ ಸಾಬೀತಾಗುವವರೆಗೂ ಕರುಳಿನ ತಡೆ ಎಂದೇ ಎಣಿಸಬೇಕು, ಮರುದಿನದವರೆಗೆ ಕಾಯುವ ಮಾತೇ ಇಲ್ಲ. ಮನೆಯವರು ಆ ರಾತ್ರಿಯೇ ಹೊರಟು ಬಂದದ್ದು ಮಗುವಿನ ಪುಣ್ಯ.

ಆಸ್ಪತ್ರೆಯಲ್ಲಿ ಮೊದಲು ನೋಡುವುದು ಗುದದ್ವಾರ ಸರಿಯಾದ ಜಾಗದಲ್ಲಿ, ಸರಿಯಾದ ಅಳತೆಯಲ್ಲಿ ಇದೆಯೇ ಎಂಬುದನ್ನು. ಅದು ಮುಚ್ಚಿಕೊಂಡಿರುವ ಅಥವಾ ಜಾಗ ತಪ್ಪಿರುವ ಮಕ್ಕಳಿಗೆ ಬೇರೆಯದೇ ದಾರಿ ಇದೆ. ನಂತರ ಮೂಗಿನಿಂದ ಹೊಟ್ಟೆಗೆ ನಳಿಕೆ, ಡ್ರಿಪ್, ಆಂಟಿಬಯಾಟಿಕ್. ಎಕ್ಸ್‌-ರೇಯಲ್ಲಿ ಗಾಳಿ ತುಂಬಿದ ಕರುಳಿನ ಸುರುಳಿಗಳು ಕಂಡವು, ಕಿಬ್ಬೊಟ್ಟೆಯ ತಳದಲ್ಲಿ ಮಲಾಶಯವಿರಬೇಕಾದಲ್ಲಿ ಗಾಳಿಯಿರಲಿಲ್ಲ. ವೈದ್ಯರು ಕಿರುಬೆರಳಿನಿಂದ ಪರೀಕ್ಷಿಸಿ ಬೆರಳು ಹೊರತೆಗೆದ ಕೂಡಲೇ ಗಾಳಿ ಮತ್ತು ತೆಳು ಮಲ ರಭಸದಿಂದ ಚಿಮ್ಮಿತು. ಬಿಗಿದ ಭಾಗವನ್ನು ಬೆರಳು ಕ್ಷಣಕಾಲ ಹಿಗ್ಗಿಸಿದ್ದರಿಂದ ಮೇಲೆ ಸಿಕ್ಕಿಕೊಂಡಿದ್ದೆಲ್ಲ ನುಗ್ಗಿ ಬಂದದ್ದು ಅದು. ಆಗ ಅಜ್ಜಿ "ಅವತ್ತೂ ಹಿಂಗೇ ಬಂದಿತ್ತು" ಎಂದರು. ವೀಳ್ಯದೆಲೆಯ ತೊಟ್ಟು ಅಂದು ಮಾಡಿದ್ದೂ ಇದೇ ಕೆಲಸವನ್ನು. ಆ ಒಂದು ಮಾತು ಅಂದೇ ಹೆರಿಗೆ ವಾರ್ಡಿನಲ್ಲಿ ಯಾರ ಕಿವಿಗಾದರೂ ಬಿದ್ದಿದ್ದರೆ ನಡುವಿನ ಈ ದಿನಗಳು ಉಳಿಯುತ್ತಿದ್ದವು.

ಎರಡನೇ ಪರೀಕ್ಷೆ ಕಾಂಟ್ರಾಸ್ಟ್ ಎನಿಮಾ. ಎಕ್ಸ್‌-ರೇಯಲ್ಲಿ ಬೆಳ್ಳಗೆ ಕಾಣುವ ದ್ರವವನ್ನು ಗುದದ್ವಾರದ ಒಳಗೆ ತುಸುವೇ ತೂರಿಸಿದ ನಳಿಕೆಯಿಂದ ನಿಧಾನವಾಗಿ ಬಿಟ್ಟು, ಪಕ್ಕದಿಂದ ಚಿತ್ರ ತೆಗೆಯುತ್ತಾರೆ. ಕೆಳಗೆ ಸಪೂರ, ಮೇಲೆ ಅಗಲ, ನಡುವೆ ಲಾಳಿಕೆಯಂಥ ಆಕಾರ ಕಂಡರೆ ಅನುಮಾನ ಬಲವಾಗುತ್ತದೆ. ಆದರೆ ಮೊದಲ ಕೆಲವು ವಾರಗಳಲ್ಲಿ ಮೇಲಿನ ಕರುಳಿಗೆ ಹಿಗ್ಗಲು ಇನ್ನೂ ಸಮಯ ಸಿಕ್ಕಿರುವುದಿಲ್ಲ, ಆದ್ದರಿಂದ ಚಿತ್ರ ಸಹಜವಾಗಿಯೇ ಕಾಣಬಹುದು. 24 ಗಂಟೆಯ ನಂತರ ಇನ್ನೊಂದು ಚಿತ್ರ ತೆಗೆದು ದ್ರವ ಇನ್ನೂ ಒಳಗೇ ಉಳಿದಿದೆಯೇ ಎಂದು ನೋಡುವುದು ಇದಕ್ಕಾಗಿಯೇ. ಚಿತ್ರ ಚೆನ್ನಾಗಿದೆಯೆಂದು ಮಗುವನ್ನು ಮನೆಗೆ ಕಳಿಸಿಬಿಡುವುದು ನನ್ನ ದೃಷ್ಟಿಯಲ್ಲಿ ಈ ಕಾಯಿಲೆಯಲ್ಲಿ ನಡೆಯುವ ಎರಡನೇ ದೊಡ್ಡ ತಪ್ಪು.

ತೀರ್ಪು ಕೊಡುವುದು ಬಯಾಪ್ಸಿ. ಹಾಸಿಗೆಯ ಪಕ್ಕದಲ್ಲಿಯೇ, ಅರಿವಳಿಕೆ ಇಲ್ಲದೆ ಇದನ್ನು ಮಾಡಬಹುದು ಎಂದರೆ ತಂದೆ ತಾಯಿ ನಂಬುವುದಿಲ್ಲ. ಗುದದ್ವಾರದ ಒಳಗೆ ಚರ್ಮವೂ ಕರುಳಿನ ಒಳಪೊರೆಯೂ ಸೇರುವ ಹಲ್ಲುಹಲ್ಲಾದ ಒಂದು ಗೆರೆಯಿದೆ. ಆ ಗೆರೆಯಿಂದ ಮೇಲೆ ಚುಚ್ಚಿದ ನೋವು ತಿಳಿಯುವುದಿಲ್ಲ. ಪೆನ್ನಿನಷ್ಟು ದಪ್ಪದ ಉಪಕರಣವನ್ನು ಗೆರೆಯಿಂದ ಸುಮಾರು 2 ಸೆಂ.ಮೀ. ಮೇಲಕ್ಕೆ ತೂರಿಸಿ, ಒಳಪೊರೆಯನ್ನು ಗಾಳಿಯ ಸೆಳೆತದಿಂದ ಒಂದು ಸಣ್ಣ ಕಿಂಡಿಗೆ ಎಳೆದುಕೊಂಡು, ಅಕ್ಕಿಕಾಳಿಗಿಂತ ಚಿಕ್ಕದಾದ ಚೂರನ್ನು ಕತ್ತರಿಸುತ್ತಾರೆ. ಜಾಗ ಇಲ್ಲಿ ಬಹಳ ಮುಖ್ಯ. ಗೆರೆಗೆ ತೀರ ಹತ್ತಿರ ತೆಗೆದರೆ ಆರೋಗ್ಯವಂತ ಮಗುವಿನಲ್ಲೂ ಅಲ್ಲಿ ನರಕೋಶಗಳು ವಿರಳವಾಗಿರುವುದರಿಂದ ಇಲ್ಲದ ರೋಗ ಇದೆಯೆಂದಾಗುತ್ತದೆ. ಚೂರಿನಲ್ಲಿ ಬರೀ ಮೇಲುಪೊರೆ ಬಂದು ಅದರ ಕೆಳಗಿನ ಪದರ ಬರದಿದ್ದರೆ ಪೆಥಾಲಜಿಸ್ಟ್ ಏನನ್ನೂ ಹೇಳಲಾರರು, ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಹಾಗೆ 'ಸಾಲದು' ಎಂದು ವರದಿ ಬಂದಾಗ ಮನೆಯವರು ರೇಗುವುದುಂಟು. ಅರೆಬರೆ ಚೂರನ್ನು ನೋಡಿ ಧೈರ್ಯವಾಗಿ ಬರೆದುಕೊಡುವವರಿಗಿಂತ ಸಾಲದು ಎಂದು ಬರೆಯುವ ಪೆಥಾಲಜಿಸ್ಟನ್ನೇ ನಾನು ಹೆಚ್ಚು ನಂಬುತ್ತೇನೆ.

ಸೂಕ್ಷ್ಮದರ್ಶಕದಡಿ ಹುಡುಕುವುದು ಇಲ್ಲದ್ದನ್ನು. ಇರುವುದನ್ನು ತೋರಿಸಲು ಒಂದು ಕೋಶ ಸಿಕ್ಕರೆ ಸಾಕು, ಇಲ್ಲವೆನ್ನಲು ಚೂರನ್ನು ಹಲವಾರು ತೆಳುಹಾಳೆಗಳಾಗಿ ಸೀಳಿ ಎಲ್ಲವನ್ನೂ ನೋಡಿ ಮುಗಿಸಬೇಕು. ನವಜಾತ ಶಿಶುವಿನ ಗ್ಯಾಂಗ್ಲಿಯಾನ್ ಕೋಶಗಳು ಚಿಕ್ಕವು, ಬಲಿಯದವು, ಕಣ್ತಪ್ಪಿಸಿಕೊಳ್ಳುವಂಥವು. ಆದ್ದರಿಂದ ಎರಡು ಆಸರೆಗಳಿವೆ. ಹೊರಗಿನಿಂದ ಬರುವ ನರಗಳು ತಮ್ಮ ಕೊಂಡಿ ಸಿಗದೆ ಹಗ್ಗದಂತೆ ದಪ್ಪವಾಗಿರುತ್ತವೆ, ಅದು ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಕ್ಯಾಲ್ರೆಟಿನಿನ್ ಎಂಬ ಬಣ್ಣದ ಪರೀಕ್ಷೆಯಲ್ಲಿ ಸಹಜ ಕರುಳಿನ ಸಣ್ಣ ನರತಂತುಗಳು ಕಂದುಬಣ್ಣದಲ್ಲಿ ಕಾಣಿಸಿಕೊಳ್ಳುತ್ತವೆ, ಈ ಕಾಯಿಲೆಯಲ್ಲಿ ಏನೂ ಕಾಣುವುದಿಲ್ಲ. ನಮ್ಮ ಮಗುವಿನ ವರದಿಯಲ್ಲಿ ಗ್ಯಾಂಗ್ಲಿಯಾನ್ ಕೋಶಗಳಿಲ್ಲ, ನರಗಳು ದಪ್ಪವಾಗಿವೆ, ಕ್ಯಾಲ್ರೆಟಿನಿನ್ ಇಲ್ಲ ಎಂದಿತ್ತು. ಅಷ್ಟಾದರೆ ರೋಗ ಖಚಿತ.

ಹಿಂದೆ ಇಂಥ ಮಕ್ಕಳಿಗೆಲ್ಲ ಮೊದಲು ಹೊಟ್ಟೆಯ ಮೇಲೆ ಮಲದ ದ್ವಾರ ಮಾಡುವ ಕೊಲಾಸ್ಟಮಿ, ಆಮೇಲೆ ಮುಖ್ಯ ಶಸ್ತ್ರಚಿಕಿತ್ಸೆ, ಕೊನೆಗೆ ಕೊಲಾಸ್ಟಮಿ ಮುಚ್ಚುವುದು ಎಂದು ಮೂರು ಹಂತಗಳಿದ್ದವು. ಈಗ ಬಹಳಷ್ಟು ಮಕ್ಕಳಿಗೆ ಒಂದೇ ಶಸ್ತ್ರಚಿಕಿತ್ಸೆ ಸಾಕಾಗುತ್ತದೆ, ಆದರೆ ಅಲ್ಲಿಯವರೆಗೆ ಕರುಳು ಖಾಲಿಯಾಗಿರಬೇಕು. ಅದಕ್ಕಾಗಿ ತಾಯಿಗೆ ಕರುಳು ತೊಳೆಯುವುದನ್ನು ಕಲಿಸುತ್ತೇವೆ. ಇದು ಎನಿಮಾ ಅಲ್ಲ. ಎನಿಮಾದಲ್ಲಿ ದ್ರವ ಒಳಗೆ ಹಾಕಿ ಮಗುವೇ ಅದನ್ನು ಹೊರಹಾಕಲಿ ಎಂದು ಕಾಯುತ್ತೇವೆ, ಹೊರಹಾಕುವ ಶಕ್ತಿಯೇ ಇಲ್ಲದ ಈ ಮಕ್ಕಳಲ್ಲಿ ಅದು ಒಳಗೇ ಉಳಿದು ಅಪಾಯ ತರುತ್ತದೆ. ತೊಳೆಯುವಾಗ ಮೃದುವಾದ ನಳಿಕೆಗೆ ಜೆಲ್ ಸವರಿ, ಬಿಗಿದ ಭಾಗವನ್ನು ದಾಟುವಷ್ಟು ಮೆಲ್ಲಗೆ ತೂರಿಸಬೇಕು. ದಾಟಿದ್ದು ತಾನಾಗಿ ತಿಳಿಯುತ್ತದೆ, ನಳಿಕೆಯಿಂದ ಗಾಳಿ ಬುಸ್ಸೆಂದು ಬರುತ್ತದೆ. ಆಗ ಉಗುರುಬೆಚ್ಚಗಿನ ನಾರ್ಮಲ್ ಸಲೈನನ್ನು ಸಿರಿಂಜಿನಿಂದ 20 ಮಿ.ಲೀ. ಆಸುಪಾಸು ಬಿಟ್ಟು, ಸಿರಿಂಜು ತೆಗೆದು, ಅದು ಅದೇ ನಳಿಕೆಯಿಂದ ಬೇಸಿನ್ನಿಗೆ ಬರುವುದನ್ನು ಕಾಯಬೇಕು. ಒಳಹೋದಷ್ಟು ಹೊರಬಂದ ಮೇಲೆಯೇ ಮುಂದಿನ 20 ಮಿ.ಲೀ. ನೀರು ತಿಳಿಯಾಗುವವರೆಗೆ ಹೀಗೆಯೇ. ಎಷ್ಟು ಹೋಯಿತು, ಎಷ್ಟು ಬಂತು ಎಂದು ನೋಟ್ ಪುಸ್ತಕದಲ್ಲಿ ಬರೆಯಲು ಹೇಳುತ್ತೇವೆ. ನಲ್ಲಿಯ ನೀರನ್ನಾಗಲಿ ಕುದಿಸಿ ಆರಿಸಿದ ನೀರನ್ನಾಗಲಿ ಬಳಸಲೇಬಾರದು, ಅದು ಕರುಳಿನಿಂದ ರಕ್ತಕ್ಕೆ ಸೇರಿ ಸೋಡಿಯಂ ಕುಸಿದು ಮಗುವಿಗೆ ಫಿಟ್ಸ್ ಬರಬಹುದು. ಮೂರು ದಿನ ನಮ್ಮ ಕಣ್ಣೆದುರು ತಾಯಿಯೇ ಮಾಡಿ, ಹೊಟ್ಟೆ ಮೆತ್ತಗೆ ಉಳಿದು, ಮಗು ಹಾಲು ಕುಡಿದು ತೂಕ ಹಿಡಿದರೆ ಮಾತ್ರ ಮನೆಗೆ. ತೊಳೆದರೂ ಹೊಟ್ಟೆ ಇಳಿಯದ ಮಗುವಿಗೆ, ಅಥವಾ ರೋಗ ಗುರುತಾಗದೆ ಎರಡು ಮೂರು ವರ್ಷ ಕಳೆದು ಕರುಳು ವಿಪರೀತ ಹಿಗ್ಗಿ ಬಂದ ಮಗುವಿಗೆ, ಈಗಲೂ ಕೊಲಾಸ್ಟಮಿಯೇ ಸುರಕ್ಷಿತ.

ನಮ್ಮ ಮಗು ಎರಡೂವರೆ ತಿಂಗಳಿಗೆ 4.8 ಕೆ.ಜಿ. ತೂಗಿತು. ಶಸ್ತ್ರಚಿಕಿತ್ಸೆಯ ದಿನ ಮೊದಲ ಕೆಲಸ ಊನ ಎಲ್ಲಿಯವರೆಗಿದೆ ಎಂದು ಖಚಿತಪಡಿಸಿಕೊಳ್ಳುವುದು. ಹೊಟ್ಟೆಯೊಳಗೆ ಲ್ಯಾಪರೋಸ್ಕೋಪ್ ಎಂಬ ಕ್ಯಾಮೆರಾ ನಳಿಕೆ ತೂರಿಸಿ ನೋಡಿದಾಗ ಸಿಗ್ಮಾಯ್ಡಿನ ನಡುವೆ ಸಪೂರ ಭಾಗ ಮುಗಿದು ಅಗಲ ಭಾಗ ಶುರುವಾಗುವುದು ಕಣ್ಣಿಗೆ ಕಾಣುತ್ತಿತ್ತು. ಆದರೆ ಕಣ್ಣಿಗೆ ಕಂಡ ಗಡಿಯೂ ನರಕೋಶಗಳ ಗಡಿಯೂ ಒಂದೇ ಆಗಿರಬೇಕಿಲ್ಲ. ಅಗಲವಾದ ಜಾಗದಿಂದ ಗೋಡೆಯ ಚೂರೊಂದನ್ನು ತೆಗೆದು ಫ್ರೋಜನ್ ಸೆಕ್ಷನ್‌ಗೆ ಕಳಿಸುತ್ತಾರೆ. ಚೂರನ್ನು ಥಟ್ಟನೆ ಹೆಪ್ಪುಗಟ್ಟಿಸಿ, ಸೀಳಿ, ಬಣ್ಣ ಹಾಕಿ ಪೆಥಾಲಜಿಸ್ಟ್ ನೋಡುವವರೆಗೆ ಸುಮಾರು ಅರ್ಧ ಗಂಟೆ ಥಿಯೇಟರಿನಲ್ಲಿ ಎಲ್ಲರೂ ಕೈಕಟ್ಟಿ ನಿಂತಿರುತ್ತಾರೆ. ಗ್ಯಾಂಗ್ಲಿಯಾನ್ ಕೋಶಗಳಿವೆ ಎಂದು ಫೋನ್ ಬರುವವರೆಗೆ ಮಲಾಶಯಕ್ಕೆ ಕೈ ಹಚ್ಚಬಾರದು. ಇಡೀ ದೊಡ್ಡ ಕರುಳಿನಲ್ಲಿಯೇ ಕೋಶಗಳಿಲ್ಲವೆಂದು ತಿಳಿದು ಬಂದರೆ ಯೋಜನೆಯೇ ಬದಲಾಗಬೇಕು, ಅಷ್ಟರಲ್ಲಿ ಮಲಾಶಯವನ್ನು ಬಿಡಿಸಿಬಿಟ್ಟಿದ್ದರೆ ಹಿಂದಿರುಗುವ ದಾರಿ ಇರುವುದಿಲ್ಲ.

ನಮ್ಮ ಮಗುವಿನಲ್ಲಿ ಮೊದಲ ಚೂರಿನಲ್ಲಿ ಕೋಶಗಳು ಅಲ್ಲೊಂದು ಇಲ್ಲೊಂದು ಕಂಡವು, ಜೊತೆಗೆ ದಪ್ಪ ನರಗಳೂ ಇದ್ದವು. ಇದು ಸಂಧಿಭಾಗ. ಕೋಶಗಳಿರುವ ಕರುಳಿಗೂ ಇಲ್ಲದ ಕರುಳಿಗೂ ನಡುವೆ ಗೆರೆ ಎಳೆದಂಥ ಗಡಿ ಇರುವುದಿಲ್ಲ, ಕೆಲವು ಸೆಂಟಿಮೀಟರ್ ಉದ್ದಕ್ಕೆ ಒಂದು ಬದಿಯಲ್ಲಿ ಕೋಶಗಳಿದ್ದು ಇನ್ನೊಂದು ಬದಿಯಲ್ಲಿ ಇಲ್ಲದಿರಬಹುದು. ಇಲ್ಲಿ ತೃಪ್ತಿಪಟ್ಟು ಜೋಡಿಸಿದರೆ ಹೊಲಿಗೆ ಚೆನ್ನಾಗಿಯೇ ಕೂಡಿಕೊಳ್ಳುತ್ತದೆ, ಮಗು ಮನೆಗೂ ಹೋಗುತ್ತದೆ, ಮಲಬದ್ಧತೆ ಮಾತ್ರ ಹೋಗುವುದಿಲ್ಲ. ಇನ್ನೂ ಮೇಲಿನಿಂದ ತೆಗೆದ ಎರಡನೇ ಚೂರು ಸಹಜವಾಗಿತ್ತು.

ಆಮೇಲಿನ ಕೆಲಸವೆಲ್ಲ ಗುದದ್ವಾರದ ಕಡೆಯಿಂದ. ಹೊಟ್ಟೆ ಕೊಯ್ಯದೆ ಗುದದ್ವಾರದ ಮೂಲಕವೇ ಮಾಡುವ ಈ ವಿಧಾನವನ್ನು ಮೆಕ್ಸಿಕೋದ ಶಸ್ತ್ರಚಿಕಿತ್ಸಕರು 1998ರಲ್ಲಿ ಪ್ರಕಟಿಸಿದ ಮೇಲೆ ಅದು ಬೇಗ ಹರಡಿತು. ಆ ಹಲ್ಲುಗೆರೆಯಿಂದ ಅರ್ಧದಿಂದ ಒಂದು ಸೆಂ.ಮೀ. ಮೇಲೆ ಸುತ್ತಲೂ ಒಳಪೊರೆಯನ್ನು ಕೊಯ್ದು, ಅದನ್ನು ಸ್ನಾಯುಪದರದಿಂದ ಕಾಲುಚೀಲದ ಒಳಮಡಿಕೆಯಂತೆ ಬಿಡಿಸುತ್ತಾ ಸ್ವಲ್ಪ ಮೇಲೆ ಹೋಗಿ, ಅಲ್ಲಿಂದ ಪೂರ್ತಿ ಗೋಡೆಯನ್ನು ಹಿಡಿದು ಕರುಳನ್ನು ಹೊರಗೆ ಎಳೆಯುತ್ತಾ ಬರುತ್ತಾರೆ. ಗೆರೆಯನ್ನು ಕೆಡಿಸದಿರುವುದು ಇಲ್ಲಿನ ಅತಿ ಮುಖ್ಯ ಎಚ್ಚರ. ಗಾಳಿಯೋ ಮಲವೋ ಎಂದು ಗುರುತಿಸುವ ಸೂಕ್ಷ್ಮ ಅಲ್ಲಿದೆ, ಅದು ಹಾಳಾದರೆ ಮಗು ಜೀವನಪೂರ್ತಿ ಮಲ ಹಿಡಿದಿಟ್ಟುಕೊಳ್ಳಲಾರದು. ಸಹಜವೆಂದು ಖಚಿತವಾದ ಜಾಗಕ್ಕಿಂತಲೂ ಕೆಲವು ಸೆಂ.ಮೀ. ಮೇಲಿನವರೆಗೆ ಕರುಳು ಕೆಳಗೆ ಬಂದ ಮೇಲೆ, ಅದು ತಿರುಚಿಕೊಂಡಿಲ್ಲವೆಂದೂ, ಎಳೆತವಿಲ್ಲವೆಂದೂ, ತುದಿಯಲ್ಲಿ ರಕ್ತ ಕೆಂಪಗೆ ಒಸರುತ್ತಿದೆಯೆಂದೂ ನೋಡಿ, ಕೆಳಭಾಗವನ್ನು ಕತ್ತರಿಸಿ, ಸುತ್ತಲೂ ಕರಗುವ ದಾರದಲ್ಲಿ ಹೊಲಿಯುತ್ತಾರೆ. ಕತ್ತರಿಸಿ ತೆಗೆದ ಭಾಗದ ಮೇಲ್ತುದಿಯನ್ನು ಬಳೆಯಂತೆ ಪೂರ್ತಿ ಸುತ್ತಾಗಿ ಮತ್ತೆ ಪರೀಕ್ಷೆಗೆ ಕಳಿಸುತ್ತಾರೆ, ಒಂದು ಬದಿಯ ಚೂರು ಚೆನ್ನಾಗಿದ್ದರೆ ಸಾಲದು. ಮಲಾಶಯವನ್ನು ಅರ್ಧ ಉಳಿಸಿಕೊಂಡು ಹಿಂದಿನಿಂದ ಹೊಸ ಕರುಳನ್ನು ಸೇರಿಸುವ ದುಹಾಮೆಲ್ ವಿಧಾನವೂ ಇದೆ, ಸ್ವೆನ್ಸನ್ ಅವರ ಮೂಲ ವಿಧಾನವನ್ನು ಇಷ್ಟಪಡುವವರೂ ಇದ್ದಾರೆ. ಯಾವ ವಿಧಾನ ಎನ್ನುವುದಕ್ಕಿಂತ, ಆ ತಂಡಕ್ಕೆ ಅದರ ಅಭ್ಯಾಸ ಎಷ್ಟಿದೆ ಮತ್ತು ಫ್ರೋಜನ್ ಸೆಕ್ಷನ್ ಓದಬಲ್ಲ ಪೆಥಾಲಜಿಸ್ಟ್ ಆ ದಿನ ಇದ್ದಾರೆಯೇ ಎಂಬುದನ್ನು ಮನೆಯವರು ಕೇಳುವುದು ಒಳ್ಳೆಯದು.

ಮೊದಲ ವಾರಗಳಲ್ಲಿ ಮಗು ದಿನಕ್ಕೆ ಎಂಟು ಹತ್ತು ಸಲ ಮಲ ಮಾಡುತ್ತದೆ. ಕುಂಡೆಯ ಚರ್ಮ ಕೆಂಪಗೆ ಸುಲಿದು ಹೋಗುತ್ತದೆ, ತಾಯಂದಿರು ಅಳುವುದು ಶಸ್ತ್ರಚಿಕಿತ್ಸೆಯ ದಿನಕ್ಕಿಂತ ಹೆಚ್ಚಾಗಿ ಈಗಲೇ. ಜಿಂಕ್ ಆಕ್ಸೈಡ್ ಮುಲಾಮನ್ನು ಮೊದಲ ದಿನದಿಂದಲೇ ದಪ್ಪಗೆ ಸವರಿ, ಉಜ್ಜದೆ ನೀರು ಹನಿಸಿ ತೊಳೆದರೆ ಹಲವು ವಾರಗಳಲ್ಲಿ ಕಡಿಮೆಯಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಎಂಟರೋಕೊಲೈಟಿಸ್. ಮಲ ಕರುಳಿನಲ್ಲಿ ನಿಂತು, ಸೂಕ್ಷ್ಮಜೀವಿಗಳು ಮಿತಿಮೀರಿ ಬೆಳೆದು, ಕರುಳಿನ ಗೋಡೆಯೇ ಉರಿಯೂತಕ್ಕೆ ಗುರಿಯಾಗುವ ಸ್ಥಿತಿ ಅದು. ಈ ಕಾಯಿಲೆಯ ಮಕ್ಕಳನ್ನು ಬಲಿ ತೆಗೆದುಕೊಳ್ಳುವುದು ಮುಖ್ಯವಾಗಿ ಇದೇ. ಶಸ್ತ್ರಚಿಕಿತ್ಸೆಗೆ ಮೊದಲೂ ಬರಬಹುದು, ಚೆನ್ನಾಗಿ ನಡೆದ ಶಸ್ತ್ರಚಿಕಿತ್ಸೆಯ ನಂತರವೂ ಬರಬಹುದು. ನಮ್ಮ ಮಗುವಿಗೆ ಐದು ತಿಂಗಳ ನಂತರ ಬಂತು. ಜ್ವರ, ನೀರಿನಂಥ ದುರ್ವಾಸನೆಯ ಭೇದಿ, ಮಂಕು. ಮನೆಯವರು ಹತ್ತಿರದಲ್ಲಿ ತೋರಿಸಿದಾಗ ಸಾಮಾನ್ಯ ಭೇದಿಯೆಂದು ಒಆರ್‌ಎಸ್ ಸಿಕ್ಕಿತು. ವ್ಯತ್ಯಾಸ ತಿಳಿಯುವುದು ಹೊಟ್ಟೆಯಲ್ಲಿ: ಸಾಮಾನ್ಯ ಭೇದಿಯಲ್ಲಿ ಹೊಟ್ಟೆ ಇಳಿದು ಮೆತ್ತಗಿರುತ್ತದೆ, ಇದರಲ್ಲಿ ಭೇದಿಯಾಗುತ್ತಿದ್ದರೂ ಹೊಟ್ಟೆ ಉಬ್ಬಿರುತ್ತದೆ. ತಾಯಿಗೆ ಅದು ನೆನಪಿತ್ತು, ಅದೇ ರಾತ್ರಿ ಮೈಸೂರಿಗೆ ಬಂದರು. ಬಾಯಿಯ ಆಹಾರ ನಿಲ್ಲಿಸಿ, ಡ್ರಿಪ್ಪಿನಲ್ಲಿ ಮೆಟ್ರೊನಿಡಜೋಲ್ ಕೊಟ್ಟು, ಕರುಳು ತೊಳೆದು ನಾಲ್ಕು ದಿನದಲ್ಲಿ ಸರಿಯಾಯಿತು. ಭೇದಿ ನಿಲ್ಲಿಸುವ ಮಾತ್ರೆಯನ್ನು ಇಂಥ ಮಕ್ಕಳಿಗೆ ಕೊಡಲೇಬಾರದು. ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಹೊಲಿಗೆ ಹಸಿಯಾಗಿರುವುದರಿಂದ, ಶಸ್ತ್ರಚಿಕಿತ್ಸಕರು ಹೇಳದೆ ನಳಿಕೆಯನ್ನೂ ತೂರಿಸಬಾರದು.

ಊನವಿರುವ ಕರುಳನ್ನೆಲ್ಲ ತೆಗೆದ ಮೇಲೂ ಇದೇಕೆ ಬರುತ್ತದೆ ಎಂದು ತಂದೆಯೊಬ್ಬರು ಕೇಳಿದರೆ ಪ್ರಾಮಾಣಿಕ ಉತ್ತರವೊಂದಿದೆ: ಎಲ್ಲವನ್ನೂ ತೆಗೆದಿರುವುದಿಲ್ಲ. ಗುದದ್ವಾರದ ಒಳಬಿಗಿಸ್ನಾಯುವಿನಲ್ಲಿಯೂ ನರಕೋಶಗಳ ಆಜ್ಞೆ ತಲುಪುವುದಿಲ್ಲ, ಮಲಾಶಯ ತುಂಬಿದಾಗ ಅದು ಸಹಜವಾಗಿ ಸಡಿಲಗೊಳ್ಳುವುದಿಲ್ಲ. ಆದರೂ ಅದನ್ನು ತೆಗೆಯಲಾಗದು, ಮಲ ಹಿಡಿದಿಡಲು ಮಗುವಿಗೆ ಅದು ಬೇಕು. ಅದು ತೀರ ಬಿಗಿದು ತೊಂದರೆ ಕೊಡುತ್ತಿದ್ದರೆ ಬೊಟುಲಿನಮ್ ಚುಚ್ಚುಮದ್ದು ಕೊಟ್ಟು ಕೆಲವು ತಿಂಗಳು ಸಡಿಲಿಸಬಹುದು. ಬೆಳೆಯುತ್ತಾ ಬಹಳಷ್ಟು ಮಕ್ಕಳಲ್ಲಿ ಈ ತೊಂದರೆ ಕಡಿಮೆಯಾಗುತ್ತದೆ. ಕೆಲವರಿಗೆ ಶಾಲೆ ಸೇರುವ ವಯಸ್ಸಿನಲ್ಲೂ ಚಡ್ಡಿಯಲ್ಲಿ ಕಲೆಯಾಗುವುದು, ಮಲಬದ್ಧತೆ ಉಳಿದಿರುವುದು ಉಂಟು, ಅದನ್ನು ಮುಚ್ಚಿಡದೆ ಮೊದಲೇ ಹೇಳುವುದು ಸರಿ ಎಂದು ನಾನು ನಂಬಿದ್ದೇನೆ.

ನನ್ನ ಬೇಡಿಕೆ ಎರಡೇ ಕಾಗದಗಳ ಬಗ್ಗೆ. ಒಂದು ತಾಯಿ ಕಾರ್ಡ್. ಹುಟ್ಟಿದ ತೂಕ ಬರೆಯುವ ಜಾಗದ ಪಕ್ಕದಲ್ಲಿಯೇ ಮೊದಲ ಮಲ ತಾನಾಗಿ ಬಂದ ಗಂಟೆಯನ್ನೂ ಸಿಸ್ಟರ್ ಕೇಳಿ ಬರೆಯಲಿ, ತೊಟ್ಟೋ ಸೋಪಿನ ಚೂರೋ ಹಾಕಿ ಬರಿಸಿದ್ದರೆ ಅದನ್ನೂ ಬೈಯದೆ ಕೇಳಿ ಬರೆದುಕೊಳ್ಳಲಿ. ಬೈದರೆ ಅಜ್ಜಿ ಮುಂದಿನ ಸಲ ಹೇಳುವುದಿಲ್ಲ. ಇನ್ನೊಂದು, ಶಸ್ತ್ರಚಿಕಿತ್ಸೆಯ ಕೊನೆಯ ಪೆಥಾಲಜಿ ವರದಿ. ಮಗುವಿಗೆ ಮೂರು ವರ್ಷವಾದಾಗ ಮತ್ತೆ ಮಲಬದ್ಧತೆ ಶುರುವಾಗಿ ಬಂದರೆ ನಾವು ಮೊದಲು ಕೇಳುವುದು ಅದನ್ನೇ. ಮೇಲ್ತುದಿಯಲ್ಲಿ ಸುತ್ತಲೂ ಕೋಶಗಳಿದ್ದವು, ನರಗಳು ಸಹಜವಾಗಿದ್ದವು ಎಂದಿದ್ದರೆ ಔಷಧಿ, ಆಹಾರ, ಬಿಗಿಸ್ನಾಯುವಿನ ಕಡೆ ನೋಡುತ್ತೇವೆ. ಅಲ್ಲಿ ಸಂಧಿಭಾಗ ಎಂದಿದ್ದರೆ ಮತ್ತೊಮ್ಮೆ ಬಯಾಪ್ಸಿ ಮಾಡಿ, ಬೇಕಾದರೆ ಇನ್ನೊಂದು ಶಸ್ತ್ರಚಿಕಿತ್ಸೆಗೆ ಸಿದ್ಧವಾಗಬೇಕು. ನಮ್ಮ ಮಗುವಿನ ತಾಯಿ ಆ ವರದಿಯನ್ನು ಲ್ಯಾಮಿನೇಟ್ ಮಾಡಿಸಿ, ಕರುಳು ತೊಳೆದ ಲೆಕ್ಕ ಬರೆದ ನೋಟ್ ಪುಸ್ತಕದೊಳಗೆ ಇಟ್ಟುಕೊಂಡಿದ್ದಾರೆ.